‘ಭೇದವಿಲ್ಲ’ ಎಂದ ಕಲ್ಲು: ಬುಕ್ಕರಾಯನ ಶಾಸನವನ್ನು ಇಂದಿನ ನುಡಿಗೆ ತರುವಾಗ

ಶ್ರವಣಬೆಳಗೊಳದ ನೂರಾರು ಶಾಸನಗಳಲ್ಲಿ ಹೊರನಾಡಿನ ಜೈನ ಸಮಾಜಗಳ ವೇದಿಕೆಗಳಿಗೆ ಅತ್ಯಂತ ಪರಿಚಿತವಾದುದು ವಿಜಯನಗರದ ಬುಕ್ಕರಾಯನ ಕಾಲದ ಶಾಸನ. ಸೌಹಾರ್ದದ ಮಾತು ಬಂದಾಗಲೆಲ್ಲ ಅದರ ಹೆಸರು ಬರುತ್ತದೆ. ರಾಜನು ಜೈನರ ಮತ್ತು ವೈಷ್ಣವರ ಕೈಗಳನ್ನು ಕೂಡಿಸಿದನು, ಎರಡಕ್ಕೂ ಭೇದವಿಲ್ಲವೆಂದನು ಎಂಬಷ್ಟಕ್ಕೆ ಅದರ ಸಾರ ಮುಗಿಯುತ್ತದೆ. ಸ್ಮರಣ ಸಂಚಿಕೆಗಳಲ್ಲಿಯೂ ಮೊಬೈಲಿನಲ್ಲಿ ಹರಿದಾಡುವ ಚಿತ್ರಪಟಗಳಲ್ಲಿಯೂ ಈ ಸಾರವೇ ಇಂಗ್ಲಿಷಿಗೆ ತಿರುಗಿ, ಮುಂಬಯಿ, ಪುಣೆ, ಚೆನ್ನೈಗಳಲ್ಲಿ ಕನ್ನಡ ಓದಲು ಬಾರದೆ ಬೆಳೆದ ಮಕ್ಕಳಿಗೆ ಶಾಸನವೆಂದರೆ ಇಷ್ಟೇ ಎಂಬಂತಾಗಿದೆ. ಕಲ್ಲಿನ ಮೇಲಿನ ಮಾತುಗಳನ್ನು ಒಂದೊಂದಾಗಿ ಓದಿದರೆ ದೊರೆಯುವ ಚಿತ್ರವು ಇದಕ್ಕಿಂತ ಹೆಚ್ಚು ಕಠಿಣವಾದುದು, ಹೆಚ್ಚು ಉಪಯುಕ್ತವಾದುದು.

ಈ ಶಾಸನವನ್ನು ಹಳಗನ್ನಡದ್ದೆಂದು ಕರೆಯುವುದು ರೂಢಿಯಾದರೂ ಅದರ ಭಾಷೆ ನಡುಗನ್ನಡದ ಗದ್ಯ. ಚಂದ್ರಗಿರಿಯ ಏಳನೆಯ ಶತಮಾನದ ನಿಸಿದಿ ಬರಹಗಳನ್ನು ಎದುರಿಸುವ ಓದುಗನು ಮೊದಲ ಸಾಲಿನಲ್ಲಿಯೇ ನಿಂತು ನಿಘಂಟನ್ನು ತೆರೆಯುತ್ತಾನೆ. ಬುಕ್ಕರಾಯನ ಶಾಸನದಲ್ಲಿ ಹಾಗೆ ನಿಲ್ಲುವ ಅಗತ್ಯ ಕಾಣುವುದಿಲ್ಲ, ಏಕೆಂದರೆ ಪದಗಳೆಲ್ಲ ಮುಖಪರಿಚಯದವು. ಅನುವಾದಕನು ಎಡವುವುದು ಇಂಥಲ್ಲಿಯೇ. ಅರಿಯದ ಪದವು ಎಚ್ಚರಿಸುತ್ತದೆ; ಅರಿತಂತೆ ತೋರುವ ಪದವು ಸದ್ದಿಲ್ಲದೆ ದಾರಿ ತಪ್ಪಿಸುತ್ತದೆ.

ಅನುವಾದಕ್ಕೆ ತೊಡಗುವ ಮೊದಲು ಯಾವ ಪಠ್ಯವನ್ನು ಅನುವಾದಿಸಲಾಗುತ್ತಿದೆ ಎಂಬುದು ನಿಶ್ಚಿತವಾಗಬೇಕು. ಶ್ರವಣಬೆಳಗೊಳದ ಶಾಸನಗಳನ್ನು ಲೂಯಿ ರೈಸ್ ಅವರು 1889ರಲ್ಲಿ ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರು ಅದನ್ನು ವಿಸ್ತರಿಸಿ 1923ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಎರಡನೆಯ ಸಂಪುಟವಾಗಿ ಹೊರತಂದರು. 1973ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಮತ್ತೊಂದು ಪರಿಷ್ಕರಣವನ್ನು ಪ್ರಕಟಿಸಿತು. ಪ್ರತಿ ಆವೃತ್ತಿಯಲ್ಲಿಯೂ ಶಾಸನಗಳ ಕ್ರಮಸಂಖ್ಯೆ ಬದಲಾಗಿದೆ. ರೈಸ್ ಅವರ 136ನೆಯ ಶಾಸನವೇ ನರಸಿಂಹಾಚಾರ್ಯರ 344ನೆಯದು. ಸಂಖ್ಯೆಯನ್ನು ಮಾತ್ರ ಕೊಟ್ಟು ಆವೃತ್ತಿಯ ವರ್ಷವನ್ನು ಬಿಟ್ಟರೆ ಓದುಗನು ಬೇರೆ ಯಾವುದೋ ಶಾಸನಕ್ಕೆ ಹೋಗಿ ಸೇರುತ್ತಾನೆ.

ಕಾಲವನ್ನೂ ಅನುವಾದಕನೇ ಪರೀಕ್ಷಿಸಿಕೊಳ್ಳಬಹುದು. ಶಾಸನದ ಕಾಲ ಶಕವರ್ಷ 1290, ಕೀಲಕ ಸಂವತ್ಸರ, ಭಾದ್ರಪದ ಶುದ್ಧ ದಶಮಿ, ಗುರುವಾರ. ಶಕವರ್ಷಕ್ಕೆ 78ನ್ನು ಕೂಡಿಸಿದರೆ 1368 ಬರುತ್ತದೆ. ಸಂವತ್ಸರದ ಹೆಸರು ಇದಕ್ಕೆ ಸಾಕ್ಷಿ ಹೇಳಬೇಕು. ದಕ್ಷಿಣದ ಪಂಚಾಂಗದಲ್ಲಿ ಸಂವತ್ಸರಗಳು 60 ವರ್ಷಕ್ಕೊಮ್ಮೆ ತಪ್ಪದೆ ಮರಳುತ್ತವೆ. 1968ರ ಯುಗಾದಿಯಿಂದ ಆರಂಭವಾದದ್ದು ಕೀಲಕ. ಅದರಿಂದ 600 ವರ್ಷ, ಅಂದರೆ ಸರಿಯಾಗಿ ಹತ್ತು ಆವರ್ತ ಹಿಂದೆ ಹೋದರೆ 1368. ಲೆಕ್ಕ ಕೂಡುತ್ತದೆ. ಪುಷ್ಯ, ಮಾಘ, ಫಾಲ್ಗುಣಗಳ ತಿಥಿಯಾಗಿದ್ದರೆ ಇಂಗ್ಲಿಷ್ ವರ್ಷವು ಮುಂದಿನದಾಗುವ ಸಂಭವವಿತ್ತು. ಭಾದ್ರಪದವಾದುದರಿಂದ ಆ ತೊಡಕಿಲ್ಲ.

ಇನ್ನು ಮೊದಲ ವಾಕ್ಯ. ಜೈನರಿಗೂ ಭಕ್ತರಿಗೂ ‘ಸಂವಾದವಾದಲ್ಲಿ’ ನಡೆದುದನ್ನು ಅದು ಹೇಳತೊಡಗುತ್ತದೆ. ಇಂದಿನ ಕಿವಿಗೆ ಈ ಒಂದು ಪದದ ಎರಡೂ ತುಂಡುಗಳು ಬೇರೆ ಅರ್ಥ ಕೊಡುತ್ತವೆ. ಸಂವಾದವೆಂದರೆ ಇಂದು ಸೌಜನ್ಯದ ಚರ್ಚೆ. ‘ಆದಲ್ಲಿ’ ಎಂದರೆ ‘ಆದರೆ’, ‘ಒಂದು ವೇಳೆ ಆದರೆ’. ಹೀಗೆ ಓದಿದವನ ಇಂಗ್ಲಿಷಿನಲ್ಲಿ ಜೈನರ ಮತ್ತು ಭಕ್ತರ ನಡುವೆ ಒಂದು ‘ಡಯಲಾಗ್’ ಏರ್ಪಡುತ್ತದೆ. ಮುಂದಿನ ಮಾತು ಅದನ್ನು ಸುಳ್ಳಾಗಿಸುತ್ತದೆ: ಭಕ್ತರು ಮಾಡುವ ಅನ್ಯಾಯಗಳನ್ನು ಭವ್ಯಜನರು ರಾಜನಿಗೆ ಬಿನ್ನಹ ಮಾಡಿದರು ಎಂದು ಅಲ್ಲಿದೆ. ಚರ್ಚಾಗೋಷ್ಠಿಯ ಬಗ್ಗೆ ಯಾರೂ ರಾಜನಲ್ಲಿ ದೂರು ಒಯ್ಯುವುದಿಲ್ಲ. ಆದುದರಿಂದ ಇಲ್ಲಿ ಆ ಪದಕ್ಕೆ ವಿವಾದ, ವ್ಯಾಜ್ಯ ಎಂಬುದೇ ಅರ್ಥ. ‘ಆದಲ್ಲಿ’ ಎಂಬುದು ‘ಆದಾಗ’ ಎಂಬ ಕಾಲಸೂಚಕ. ನಿಘಂಟು ಪದಕ್ಕಿರುವ ಹಲವು ಅರ್ಥಗಳನ್ನು ಕೊಡುತ್ತದೆ. ಅವುಗಳಲ್ಲಿ ಯಾವುದನ್ನು ಆಯಬೇಕೆಂಬುದನ್ನು ವಾಕ್ಯದ ಉಳಿದ ಭಾಗವು ಹೇಳುತ್ತದೆ.

ಅದೇ ವಾಕ್ಯದ ‘ಭವ್ಯಜನ’ವೂ ಹೀಗೆಯೇ. ಭವ್ಯವೆಂದರೆ ವೈಭವವುಳ್ಳದ್ದೆಂದು ತಿಳಿದವನು ಅವರನ್ನು ಗಣ್ಯರನ್ನಾಗಿ ಮಾಡಿಬಿಡುತ್ತಾನೆ. ಮೋಕ್ಷಕ್ಕೆ ಯೋಗ್ಯವಾದ ಜೀವಕ್ಕೆ ಭವ್ಯವೆಂಬ ಹೆಸರಿರುವುದು ಜೈನ ಪಾಠಶಾಲೆಯ ಮಗುವಿಗೂ ಗೊತ್ತು. ಶಾಸನದಲ್ಲಿ ಅದು ಜೈನ ಸಮುದಾಯದ ಜನರನ್ನು ಸೂಚಿಸುತ್ತದೆ. ‘ಭಕ್ತರು’ ಎಂಬುದು ಕೂಡ ದೇವರಲ್ಲಿ ಭಕ್ತಿಯುಳ್ಳವರೆಲ್ಲರನ್ನು ಕುರಿತದ್ದಲ್ಲ. ಸಂದರ್ಭದಿಂದ ತಿಳಿಯುವಂತೆ ಅದು ವೈಷ್ಣವ ಪಕ್ಷದವರ ಹೆಸರು. ಆದರೂ ಅನುವಾದದೊಳಗೆ ಅದನ್ನು ‘ವೈಷ್ಣವರು’ ಎಂದು ಬದಲಿಸುವುದು ಸರಿಯಲ್ಲ. ಶಾಸನವು ಮುಂದೆ ವೈಷ್ಣವರೆಂಬ ಪದವನ್ನೂ ಬಳಸುತ್ತದೆ. ಹಾನಿ ಬರುವುದು ಭಕ್ತರ ದೆಸೆಯಿಂದ, ಕಾಪಾಡಬೇಕಾದವರು ವೈಷ್ಣವರು ಎಂದು ಅಲ್ಲಿ ಎರಡು ಹೆಸರುಗಳು ಎರಡು ಸ್ಥಾನಗಳಲ್ಲಿವೆ. ಎರಡನ್ನೂ ಒಂದಾಗಿಸಿದರೆ ಆ ಸೂಕ್ಷ್ಮ ಅಳಿಯುತ್ತದೆ. ಪದವನ್ನು ಹಾಗೆಯೇ ಉಳಿಸಿ, ವಿವರಣೆಯನ್ನು ಕೆಳಗೆ ಪ್ರತ್ಯೇಕವಾಗಿ ಬರೆಯುವುದೇ ಮೇಲು.

ಈ ಎಚ್ಚರದಿಂದ ನೋಡಿದರೆ ಆರಂಭದ ಭಾಗವು ಇಂದಿನ ಕನ್ನಡದಲ್ಲಿ ಹೀಗಾಗುತ್ತದೆ: ಜೈನರಿಗೂ ಭಕ್ತರಿಗೂ ವ್ಯಾಜ್ಯ ಉಂಟಾದಾಗ, ಆನೆಯಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಪಟ್ಟಣಗಳೂ ಸೇರಿದಂತೆ ಎಲ್ಲ ನಾಡುಗಳ ಭವ್ಯಜನರು, ಭಕ್ತರು ಮಾಡುತ್ತಿರುವ ಅನ್ಯಾಯಗಳನ್ನು ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ಇಷ್ಟರಲ್ಲಿಯೇ ಕಥೆಯ ನೆಲೆ ಬದಲಾಯಿತು. ರಾಜನು ತಾನಾಗಿ ಔದಾರ್ಯ ತೋರಿದನೆಂಬ ಕಥೆಗೆ ಬದಲಾಗಿ, ಹಲವು ಊರುಗಳ ಜೈನರು ಒಂದುಗೂಡಿ ದೂರು ಸಲ್ಲಿಸಿದರು, ರಾಜನು ಅದನ್ನು ಕೇಳಿ ತೀರ್ಮಾನಿಸಿದನು ಎಂಬುದು ಓದುಗನಿಗೆ ಕಾಣುತ್ತದೆ.

ಪ್ರಸಿದ್ಧವಾದ ಕೈಹಿಡಿದ ಪ್ರಸಂಗ ಇದರ ಮುಂದೆ ಬರುತ್ತದೆ. ಇಲ್ಲಿ ವಿಭಕ್ತಿಗಳನ್ನು ಗಮನಿಸಬೇಕು. ರಾಜನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಕೊಟ್ಟನು ಎಂದು ವಾಕ್ಯವಿದೆ. ಇಬ್ಬರ ಕೈಗಳನ್ನು ಸಮಸಮವಾಗಿ ಕೂಡಿಸಿದನು ಎಂದಿಲ್ಲ. ಒಬ್ಬರ ಕೈಯನ್ನು ಮತ್ತೊಬ್ಬರ ಕೈಯಲ್ಲಿ ಇಡುವುದು ಕಾಪಾಡುವ ಹೊಣೆಯನ್ನು ಒಪ್ಪಿಸುವ ಕ್ರಿಯೆ. ಭೇದವಿಲ್ಲವೆಂಬ ಮಾತಿನ ಪಕ್ಕದಲ್ಲಿಯೇ ಈ ಒಪ್ಪಿಸುವಿಕೆಯೂ ಇದೆ. ಸಮಾನತೆಯ ಘೋಷಣೆ ಮತ್ತು ರಕ್ಷಣೆಯ ಅವಲಂಬನೆ ಒಂದೇ ವಾಕ್ಯದಲ್ಲಿ ಕೂಡಿಕೊಂಡಿವೆ. ಎರಡನ್ನೂ ಉಳಿಸಿಕೊಂಡ ಅನುವಾದ ಮಾತ್ರ ಪ್ರಾಮಾಣಿಕವಾದುದು.

ಅನಂತರದ ಮಾತು ಹಕ್ಕಿನದು. ಜೈನದರ್ಶನಕ್ಕೆ ‘ಪೂರ್ವಮರಿಯಾದೆ’ಯಲ್ಲಿ ಪಂಚಮಹಾವಾದ್ಯಗಳೂ ಕಳಶವೂ ‘ಸಲುವುದು’. ಮರ್ಯಾದೆಯೆಂದರೆ ಇಂದು ಗೌರವ. ಇಲ್ಲಿ ಅದು ಕಟ್ಟಳೆ, ಹಿಂದಿನಿಂದ ನಡೆದುಬಂದ ಪದ್ಧತಿ. ಸಲುವುದು ಎಂದರೆ ನ್ಯಾಯವಾಗಿ ಸೇರತಕ್ಕದ್ದು. ‘ಬಳಸಬಹುದು’ ಎಂದು ಅನುವಾದಿಸಿದರೆ ಅದು ಅನುಮತಿಯಾಗುತ್ತದೆ; ‘ಹಿಂದಿನ ಕಟ್ಟಳೆಯಂತೆ ಸಲ್ಲತಕ್ಕದ್ದು’ ಎಂದರೆ ಹಕ್ಕಾಗುತ್ತದೆ. ಹೊಸದಾಗಿ ಏನನ್ನೂ ದಯಪಾಲಿಸಲಿಲ್ಲ, ಮೊದಲೇ ಇದ್ದು ಅಡ್ಡಿಗೊಳಗಾಗಿದ್ದುದನ್ನು ಮರಳಿ ಸ್ಥಿರಪಡಿಸಲಾಯಿತು ಎಂಬುದು ಈ ಎರಡು ಪದಗಳಲ್ಲಿ ಅಡಗಿದೆ. ಐದು ವಾದ್ಯಗಳು ಯಾವುವೆಂದು ಶಾಸನವು ಎಣಿಸುವುದಿಲ್ಲ. ಆದುದರಿಂದ ನಿಘಂಟಿನ ಪಟ್ಟಿಯನ್ನು ಅನುವಾದದೊಳಗೆ ಸೇರಿಸದೆ ಟಿಪ್ಪಣಿಗೆ ಬಿಡಬೇಕು.

ಸಾರಾಂಶಗಳು ನುಂಗಿಹಾಕುವ ಎರಡು ಭಾಗಗಳು ಈ ಶಾಸನದಲ್ಲಿವೆ. ಮೊದಲನೆಯದು ಆರಂಭದ ಸಂಸ್ಕೃತ ಶ್ಲೋಕ. ಅದು ರಾಮಾನುಜರ ಸ್ತುತಿ. ಪಾಷಂಡರೆಂಬ ಸಾಗರಕ್ಕೆ ಅವರು ಬಡಬಾಗ್ನಿಯೆಂಬ ಹೊಗಳಿಕೆ ಅದರಲ್ಲಿದೆ. ಪಾಷಂಡರೆಂಬ ಪದವನ್ನು ಅನ್ಯಮತದವರನ್ನು ಕುರಿತು ಬಳಸುತ್ತಿದ್ದರು. ಜೈನ ತೀರ್ಥದಲ್ಲಿ ನಿಂತ ಕಲ್ಲಿನ ತಲೆಯ ಮೇಲೆ ಇಂಥ ಶ್ಲೋಕವಿರುವುದು ಇಂದಿನ ಓದುಗನಿಗೆ ಕಸಿವಿಸಿಯುಂಟುಮಾಡುತ್ತದೆ. ಆದುದರಿಂದಲೇ ಹಲವರು ಅದನ್ನು ಬಿಟ್ಟು ಗದ್ಯಭಾಗದಿಂದ ಆರಂಭಿಸುತ್ತಾರೆ. ಆದರೆ ಒಪ್ಪಂದವು ಯಾವ ವಾತಾವರಣದಲ್ಲಿ ಏರ್ಪಟ್ಟಿತು, ಶಾಸನದ ಮಾತು ಯಾರ ಸಂಪ್ರದಾಯದ ನುಡಿಗಟ್ಟಿನಲ್ಲಿದೆ ಎಂಬುದಕ್ಕೆ ಈ ಶ್ಲೋಕವೇ ಸಾಕ್ಷಿ. ನೋಯಿಸುವ ಸಾಲನ್ನು ಬಿಟ್ಟು ಮಾಡಿದ ಅನುವಾದವು ಸೌಹಾರ್ದವನ್ನು ಸುಲಭವಾಗಿ ಕೈಗೂಡಿದ ಸಂಗತಿಯಂತೆ ತೋರಿಸುತ್ತದೆ.

ಎರಡನೆಯದು ಶ್ರೀವೈಷ್ಣವರ ಕಡೆಯಿಂದ ಸೇರಿದವರ ಪಟ್ಟಿ. ಕೋವಿಲ್, ತಿರುಮಲೆ, ಪೆರುಮಾಳ್‌ಕೋವಿಲ್, ತಿರುನಾರಾಯಣಪುರ ಎಂಬ ಕ್ಷೇತ್ರಗಳ ಆಚಾರ್ಯರು ಮೊದಲಲ್ಲಿದ್ದಾರೆ. ಇವು ಕ್ರಮವಾಗಿ ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆ ಎಂದು ಟಿಪ್ಪಣಿಯಲ್ಲಿ ತಿಳಿಸದಿದ್ದರೆ ಕೋವಿಲ್ ಎಂಬುದನ್ನು ಓದುಗನು ಯಾವುದೋ ಒಂದು ಗುಡಿಯೆಂದು ತಿಳಿಯುತ್ತಾನೆ. ಪಟ್ಟಿಯ ಕೊನೆಯಲ್ಲಿ ತಿರಿಕುಲ ಮತ್ತು ಜಾಂಬವಕುಲಗಳ ಹೆಸರುಗಳಿವೆ. ಇವು ಅಸ್ಪೃಶ್ಯವೆಂದು ದೂರವಿರಿಸಲಾಗಿದ್ದ ಸಮುದಾಯಗಳ ಹೆಸರುಗಳೆಂದು ವಿದ್ವಾಂಸರು ಗುರುತಿಸಿದ್ದಾರೆ. ರಾಜನ ಮುಂದೆ ನಡೆದ ಒಂದು ಧಾರ್ಮಿಕ ತೀರ್ಮಾನಕ್ಕೆ ಹದಿನೆಂಟು ನಾಡಿನ ಶ್ರೀವೈಷ್ಣವರೊಳಗೆ ಇವರೂ ಬಾಧ್ಯರಾಗಿ ಎಣಿಸಲ್ಪಟ್ಟರೆಂಬುದು ಸಣ್ಣ ಸಂಗತಿಯಲ್ಲ. ‘ಆಚಾರ್ಯರು ಮುಂತಾದವರು’ ಎಂದು ಮೊಟಕುಗೊಳಿಸಿದ ಅನುವಾದದಲ್ಲಿ ‘ಮುಂತಾದವರು’ ಎಂಬ ಪದದಡಿ ಹೂತುಹೋಗುವವರು ಇವರೇ.

ಶಾಸನದ ಉತ್ತರಾರ್ಧವು ಹಣದ ಲೆಕ್ಕ. ‘ವೈಷ್ಣವರು ಬೆಳಗೊಳಕ್ಕೆ ಕಾವಲು ಕೊಟ್ಟರು’ ಎಂಬುದು ಜನಪ್ರಿಯ ಸಾರಾಂಶ. ಕಾವಲಿನ ವೆಚ್ಚವನ್ನು ಹೊತ್ತವರಾರು ಎಂಬುದನ್ನು ಕಲ್ಲು ಸ್ಪಷ್ಟವಾಗಿ ಹೇಳುತ್ತದೆ. ಸಮಸ್ತ ರಾಜ್ಯದ ಜೈನರು ‘ಬಾಗಿಲುಗಟ್ಟಳೆ’ಯಾಗಿ, ಅಂದರೆ ಮನೆಬಾಗಿಲಿಗೆ ಇಷ್ಟೆಂಬ ಲೆಕ್ಕದಲ್ಲಿ, ವರ್ಷಕ್ಕೆ 1 ಹಣ ಕೊಡಬೇಕು. ಭವ್ಯಜನರ ಅನುಮತಿಯಿಂದ ತಿರುಮಲೆಯ ತಾತಯ್ಯನವರು ಆ ಹೊನ್ನಿನಿಂದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು. ಮಿಕ್ಕ ಹೊನ್ನಿನಿಂದ ಜೀರ್ಣವಾದ ಜಿನಾಲಯಗಳಿಗೆ ‘ಸೊದೆ’ ಇಕ್ಕಿಸಬೇಕು.

ಇಲ್ಲಿ ಮೂರು ಪದಗಳು ಪರೀಕ್ಷೆಗೆ ನಿಲ್ಲುತ್ತವೆ. ‘ಹಣ’ವೆಂದರೆ ದುಡ್ಡು ಎಂದು ತಿಳಿದರೆ ‘1 ಹಣ’ ಎಂಬ ಮಾತಿಗೆ ಅರ್ಥವೇ ಇಲ್ಲ. ಅದು ಒಂದು ನಾಣ್ಯದ ಹೆಸರು. ಅದನ್ನು ಇಂದಿನ ರೂಪಾಯಿಗೆ ತಿರುಗಿಸುವ ಆಸೆಯನ್ನು ಅನುವಾದಕನು ಬಿಡಬೇಕು, ಕೂಲಿ ಮತ್ತು ಧಾನ್ಯದ ಬೆಲೆ ತಿಳಿಯದೆ ಮಾಡಿದ ಪರಿವರ್ತನೆಯು ಊಹೆಯಷ್ಟೆ. ‘ಸೊದೆ’ಯನ್ನು ಸೌದೆಯೆಂದು ಓದಿದರೆ ಜಿನಾಲಯಕ್ಕೆ ಕಟ್ಟಿಗೆ ಒದಗಿಸಿದಂತಾಗುತ್ತದೆ, ಅಮೃತವೆಂಬ ಅರ್ಥದ ಸುಧೆಯೆಂದರೆ ಇನ್ನೂ ವಿಚಿತ್ರ. ಸಂಸ್ಕೃತದ ಸುಧಾ ಶಬ್ದಕ್ಕೆ ಸುಣ್ಣವೆಂಬ ಅರ್ಥವೂ ಇದೆ. ಜೀರ್ಣಾಲಯಕ್ಕೆ ಇಕ್ಕುವುದು ಅದನ್ನೇ. ಇನ್ನು ‘ಯಿಪ್ಪತ್ತಾಳನು’ ಎಂಬಲ್ಲಿ ಎರಡು ತೊಡಕುಗಳಿವೆ. ಪದಾದಿಯ ಇಕಾರವನ್ನು ಯಕಾರ ಸೇರಿಸಿ ಬರೆಯುವುದು ಆ ಕಾಲದ ರೂಢಿಯಾದುದರಿಂದ ನಿಘಂಟಿನಲ್ಲಿ ‘ಇ’ ಅಕ್ಷರದಡಿ ಹುಡುಕಬೇಕು. ‘ಯೀ’ ಎಂದರೆ ‘ಈ’, ‘ವೊಳಗಾದ’ ಎಂದರೆ ‘ಒಳಗಾದ’. ಅನಂತರ ಸಂಧಿಯನ್ನು ಬಿಡಿಸಿ ಇಪ್ಪತ್ತು, ಆಳನು ಎಂದು ಬೇರ್ಪಡಿಸಬೇಕು. ಶಾಸನದಲ್ಲಿ ಪದಗಳ ನಡುವೆ ತೆರಪಿಲ್ಲ. ಪದವಿಭಾಗ ಮಾಡಿದವನು ಲಿಪ್ಯಂತರಕಾರ. ಅರ್ಥ ಕೂಡದಿದ್ದಾಗ ಮೊದಲು ಅನುಮಾನಿಸಬೇಕಾದದ್ದು ಈ ವಿಭಾಗವನ್ನೇ.

ಒಂದು ಕ್ರಿಯಾಪದದ ಪ್ರತ್ಯಯವೂ ಎಷ್ಟು ಭಾರ ಹೊರಬಲ್ಲದೆಂಬುದಕ್ಕೆ ‘ರಕ್ಷಿಸಿಕೊಂಡು ಬಹೆವು’ ಎಂಬ ಮಾತನ್ನು ನೋಡಬಹುದು. ಚಂದ್ರಸೂರ್ಯರಿರುವವರೆಗೆ ಜೈನದರ್ಶನವನ್ನು ರಕ್ಷಿಸುವ ಸಂದರ್ಭದಲ್ಲಿ ಅದು ಬರುತ್ತದೆ. ‘ಬಹೆವು’ ಉತ್ತಮ ಪುರುಷ ಬಹುವಚನ: ‘ರಕ್ಷಿಸಿಕೊಂಡು ಬರುವೆವು’. ಅಲ್ಲಿಯವರೆಗೆ ರಾಜನ ತೀರ್ಮಾನವನ್ನು ವರದಿ ಮಾಡುತ್ತಿದ್ದ ಗದ್ಯವು ಇಲ್ಲಿ ಒಮ್ಮೆಲೇ ಶ್ರೀವೈಷ್ಣವರ ಬಾಯಿಂದ ಪ್ರತಿಜ್ಞೆಯಾಗಿ ಹೊರಡುತ್ತದೆ. ಇಂಗ್ಲಿಷಿನಲ್ಲಿ ಇದನ್ನು ಕರ್ಮಣಿ ಪ್ರಯೋಗಕ್ಕೆ ತಿರುಗಿಸಿ ‘ರಕ್ಷಿಸಲ್ಪಡುವುದು’ ಎಂದುಬಿಟ್ಟರೆ ಪ್ರತಿಜ್ಞೆ ಮಾಡಿದವರೇ ಮಾಯವಾಗುತ್ತಾರೆ.

ಇಷ್ಟೆಲ್ಲವನ್ನು ಕಂಡ ಮೇಲೆ ‘ಭೇದವಿಲ್ಲ’ ಎಂಬ ಮಾತಿಗೆ ಮರಳಬಹುದು. ಇಂದು ಅದನ್ನು ಎರಡು ಕಡೆಯವರು ಎಳೆದಾಡುತ್ತಾರೆ. ಜೈನಧರ್ಮವು ಪ್ರತ್ಯೇಕವಲ್ಲ, ಹಿಂದೂ ಮತದ ಒಂದು ಕವಲು ಎನ್ನುವವರಿಗೆ ಅದು ರಾಜಮುದ್ರೆಯ ಸಾಕ್ಷಿ. 2014ರಲ್ಲಿ ಕೇಂದ್ರ ಸರ್ಕಾರವು ಜೈನರಿಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರ ಮಾನ್ಯತೆ ನೀಡಿದ ಮೇಲೆ ಈ ವಾದಕ್ಕೆ ಹೊಸ ಕಾವು ಬಂದಿದೆ. ಮತ್ತೊಂದು ಕಡೆಯವರು ಇದರಲ್ಲಿ ಇಂದಿನ ಸಂವಿಧಾನದ ಜಾತ್ಯತೀತ ತತ್ತ್ವವನ್ನೇ ಪೂರ್ಣರೂಪದಲ್ಲಿ ಕಾಣುತ್ತಾರೆ. ವಾಕ್ಯವು ಇಬ್ಬರಿಗೂ ಒದಗುವುದಿಲ್ಲ. ಅದು ವೈಷ್ಣವದರ್ಶನ, ಜೈನದರ್ಶನ ಎಂದು ಎರಡನ್ನು ಬೇರೆಬೇರೆಯಾಗಿ ಹೆಸರಿಸಿಯೇ ಭೇದವಿಲ್ಲವೆನ್ನುತ್ತದೆ. ಕೂಡಲೇ ವಾದ್ಯ ಮತ್ತು ಕಳಶಗಳ ಹಕ್ಕನ್ನು ಹೇಳುತ್ತದೆ. ವ್ಯಾಜ್ಯವಿದ್ದದ್ದು ಸಲ್ಲುವ ಮನ್ನಣೆಯ ಬಗ್ಗೆ, ಭೇದವಿಲ್ಲವೆಂದದ್ದೂ ಅದರಲ್ಲಿಯೇ. ತತ್ತ್ವದಲ್ಲಿ ಎರಡೂ ಒಂದೆಂದು ಹೇಳುವ ಪ್ರಸಂಗವೇ ಅಲ್ಲಿಲ್ಲ. ಇನ್ನು ಜಾತ್ಯತೀತತೆಯ ವಿಷಯಕ್ಕೆ ಬಂದರೆ, ಒಂದು ಸಮುದಾಯದ ರಕ್ಷಣೆಯನ್ನು ಇನ್ನೊಂದು ಸಮುದಾಯದ ಕೈಗೆ ಒಪ್ಪಿಸಿ, ಕಾಯಲ್ಪಡುವವರಿಂದಲೇ ಮನೆಗೊಂದು ಹಣ ಎತ್ತುವ ವ್ಯವಸ್ಥೆಯು ಪೌರರ ಸಮಾನ ಹಕ್ಕಿಗಿಂತ ಬೇರೆಯಾದುದು. ತನ್ನ ಕಾಲದಲ್ಲಿ ಅದು ದೊಡ್ಡ ನ್ಯಾಯವೇ ಆಗಿತ್ತೆಂಬುದನ್ನು ಇದು ಅಲ್ಲಗಳೆಯುವುದಿಲ್ಲ.

ಇಂಗ್ಲಿಷ್ ಅನುವಾದದಲ್ಲಿ ಈ ಅಪಾಯ ಇಮ್ಮಡಿಯಾಗುತ್ತದೆ. ದರ್ಶನ, ಸಮಯ ಎಂಬ ಎರಡು ಪದಗಳನ್ನೂ ‘ರಿಲಿಜನ್’ ಎಂದುಬಿಡುವುದು ರೂಢಿ. ಮತವೆಂಬ ಅರ್ಥದ ‘ಸಮಯ’ವನ್ನು ಅರಿಯದವರು ಅದನ್ನು ಕಾಲವೆಂದೇ ತಿಳಿದ ಉದಾಹರಣೆಗಳಿಗೂ ಕೊರತೆಯಿಲ್ಲ. ಆಧುನಿಕ ಕನ್ನಡದ ಸಾರಾಂಶದಿಂದ ಇಂಗ್ಲಿಷಿಗೆ ಹೋದಾಗ ಮೊದಲ ಅನುವಾದದ ಸಡಿಲಗಳೆಲ್ಲ ಗಟ್ಟಿಯಾಗುತ್ತವೆ. ಇಂಗ್ಲಿಷ್ ಪಾಠವನ್ನೂ ಮೂಲದ ಲಿಪ್ಯಂತರದಿಂದಲೇ ಮಾಡಬೇಕು. ದರ್ಶನ, ಸಮಯ, ಬಸದಿ, ಹಣ, ಭವ್ಯ ಮುಂತಾದವನ್ನು ಹಾಗೆಯೇ ಉಳಿಸಿ ಒಮ್ಮೆ ವಿವರಿಸಿದರೆ ಸಾಕು. ಮೂಲದಲ್ಲಿ ಇಲ್ಲದೆ ವಾಕ್ಯಪೂರ್ತಿಗೆ ಸೇರಿಸಿದ ಪದಗಳನ್ನು ಚೌಕ ಆವರಣದಲ್ಲಿ ಇಡಬೇಕು. ಕಲ್ಲಿನಲ್ಲಿ ಅಕ್ಷರ ಸವೆದಿದೆಯೆಂದು ಲಿಪ್ಯಂತರಕಾರನು ಚುಕ್ಕಿಯಿಟ್ಟಲ್ಲಿ ಅನುವಾದದಲ್ಲಿಯೂ ಚುಕ್ಕಿಯೇ ಇರಬೇಕು.

ಅನುವಾದವು ಸರಿಯಾಗಿದೆಯೇ ಎಂದು ತಿಳಿಯುವ ಉಪಾಯ ಸರಳವಾದುದು. ಲಿಪ್ಯಂತರದ ಪ್ರತಿಯೊಂದು ಪದದ ಮೇಲೆ ಬೆರಳಿಟ್ಟು, ಅದು ಅನುವಾದದಲ್ಲಿ ಎಲ್ಲಿ ಸೇರಿತೆಂದು ತೋರಿಸಲು ಸಾಧ್ಯವಾಗಬೇಕು. ಅನುವಾದದ ಪ್ರತಿಯೊಂದು ಪದಕ್ಕೂ ಲಿಪ್ಯಂತರದಲ್ಲಿ ನೆಲೆ ಸಿಗಬೇಕು. ಎರಡು ಕಡೆಯೂ ಉಳಿಕೆಯಾದದ್ದೇ ಅನುವಾದಕನ ಸ್ವಂತ ಮಾತು ಅಥವಾ ಮೌನ. ಈ ಶಾಸನಕ್ಕೆ ಇನ್ನೊಂದು ಅನುಕೂಲವೂ ಇದೆ. ಇಂಥ ಶಾಸನವನ್ನು ರಾಜ್ಯದ ಎಲ್ಲ ಬಸದಿಗಳಲ್ಲಿ ನೆಡಬೇಕೆಂದು ಕಲ್ಲೇ ವಿಧಿಸುತ್ತದೆ. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ಇದೇ ಒಪ್ಪಂದದ ಶಾಸನವೊಂದು ದೊರೆತಿದೆ. ಶಾಸನದ ಕಲ್ಲೆಹವೇ ಈ ಕಲ್ಯ. ಒಂದು ಕಲ್ಲಿನ ಪಾಠ ತೊಡಕಾದಾಗ ಇನ್ನೊಂದನ್ನು ಪಕ್ಕದಲ್ಲಿಟ್ಟು ನೋಡಬಹುದು.

ಹೊರನಾಡಿನ ಸಮಾಜಗಳು ಮುಂದಿನ ಸ್ಮರಣ ಸಂಚಿಕೆಯಲ್ಲಿ ಈ ಶಾಸನವನ್ನು ಅಚ್ಚು ಮಾಡುವುದಾದರೆ ನಾಲ್ಕು ಅಂಶಗಳಿಗೆ ಸ್ಥಳ ಕೊಡಲಿ: ಸಾಲುಸಂಖ್ಯೆಯೊಡನೆ ಲಿಪ್ಯಂತರ, ಸಂಧಿ ಬಿಡಿಸಿದ ಪಾಠ, ಇಂದಿನ ಕನ್ನಡ, ಇಂಗ್ಲಿಷ್. ಎದುರುಬದುರಾದ ಎರಡು ಪುಟಗಳಲ್ಲಿ ಇವೆಲ್ಲ ಹಿಡಿಯುತ್ತವೆ. ಆರಂಭದ ಶ್ಲೋಕವೂ ಕೊನೆಯ ಶಾಪವಾಕ್ಯವೂ ಅದರಲ್ಲಿರಲಿ. ಈ ಕಟ್ಟಳೆಯನ್ನು ಮೀರಿದವನನ್ನು ಶಾಸನವು ರಾಜದ್ರೋಹಿಯೆಂದೂ ಸಂಘಸಮುದಾಯಕ್ಕೆ ದ್ರೋಹಿಯೆಂದೂ ಕರೆಯುತ್ತದೆ. ತಪಸ್ವಿಯಾಗಲಿ ಗ್ರಾಮಣಿಯಾಗಲಿ ಅದಕ್ಕೆ ಹೊರತಲ್ಲವೆಂದು ಆ ಕಲ್ಲು ಹೇಳುವ ಮಾತು ಮಠಗಳ ಮತ್ತು ಮುಖಂಡರ ನಡೆಯನ್ನು ಪ್ರಶ್ನಿಸುವ ಇಂದಿನ ಪೀಳಿಗೆಗೂ ತಲುಪಲಿ.